ಸಾಲದ ಪಟ್ಟಿ ಬ್ಯಾಂಕಿನ ಲೆಕ್ಕಕ್ಕೆ ತಾಳೆಯಾಗದಿದ್ದರೆ ತಪ್ಪು ಹುಡುಕುವುದು ಹೇಗೆ

ಬೆಂಗಳೂರಿನ ಪೀಣ್ಯದಲ್ಲಿ ಸಿಎನ್‌ಸಿ ಮಷೀನ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ಕಾರ್ಖಾನೆಯ ಲೆಕ್ಕಪತ್ರ ನಾನು ನೋಡುತ್ತೇನೆ. ಹೋದ ವರ್ಷ ಮಾಲೀಕರು ಹೊಸ ಮಷೀನಿಗೆ ಸಾಲ ಕೇಳಲು ಹೊರಟರು. ಬ್ಯಾಂಕಿನವರು ಈಗಿರುವ ಎಲ್ಲ ಸಾಲಗಳ ಪಟ್ಟಿ ಕೇಳಿದರು. ಎಷ್ಟು ಮಂಜೂರಾಗಿದೆ, ಬಡ್ಡಿ ಎಷ್ಟು, ಯಾವ ತಾರೀಖಿಗೆ ಎಷ್ಟು ಕಟ್ಟಬೇಕು, 31-03-2025ಕ್ಕೆ ಬಾಕಿ ಎಷ್ಟು, ಇಷ್ಟೇ. ಫೈಲಿನಲ್ಲಿ ಸಾಲ ಮಂಜೂರು ಮಾಡಿದ ಮೂರು ಸ್ಯಾಂಕ್ಷನ್ ಲೆಟರ್ ಇದ್ದವು. ನಮ್ಮ ಆಫೀಸಿನ ಹುಡುಗ ಅವನ್ನು ನೋಡಿ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದ. ಮಂಜೂರಾದ ಸಾಲದ ಮೊತ್ತ 231.60 ಲಕ್ಷ ಅಂತ ಬಂತು.

ಮಾಲೀಕರು ನೋಡಿ ಗಾಬರಿಯಾದರು. "ಸರ್, ನಾನು ಇಷ್ಟೊಂದು ಸಾಲ ಮಾಡೇ ಇಲ್ಲವಲ್ಲ!" ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಮಂಜೂರಾಗಿದ್ದದ್ದು 137 ಲಕ್ಷ. ಆ ಪಟ್ಟಿಯಲ್ಲಿ ಏನೇನು ತಪ್ಪಿತ್ತು, ಅದನ್ನು ಯಾವ ಕ್ರಮದಲ್ಲಿ ಹುಡುಕಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಕಾರ್ಖಾನೆಗಳ ಸಾಲದ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳು ಇವೇ.

ಮೊದಲು ಸಾಲದ ಖಾತೆಗಳನ್ನು ಎಣಿಸಿ

ಮೊತ್ತ ತೀರಾ ಜಾಸ್ತಿ ಬಂದಿದ್ದರೆ ಬಡ್ಡಿ, ಕಂತು ಎಲ್ಲ ಆಮೇಲೆ. ಮೊದಲು ಪಟ್ಟಿಯಲ್ಲಿ ಎಷ್ಟು ಸಾಲು ಇದೆ, ನಿಜವಾಗಿ ಎಷ್ಟು ಸಾಲದ ಖಾತೆ ಇದೆ ಎಣಿಸಬೇಕು. ನಮ್ಮ ಪಟ್ಟಿಯಲ್ಲಿ ಆರು ಸಾಲು ಇದ್ದವು. ಖಾತೆ ಇದ್ದದ್ದು ಮೂರೇ. ಬ್ಯಾಂಕಿನ ಟರ್ಮ್ ಲೋನ್ ಒಂದು, ಸಿಸಿ ಅಂದರೆ ಮಿತಿಯೊಳಗೆ ಬೇಕಾದಾಗ ಹಣ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್ ಖಾತೆ ಒಂದು, ಫೈನಾನ್ಸ್ ಕಂಪನಿಯಿಂದ ಹಳೆಯ ಮಷೀನೊಂದಕ್ಕೆ ತೆಗೆದುಕೊಂಡ ಸಾಲ ಒಂದು.

ಉಳಿದ ಮೂರು ಸಾಲು ಎಲ್ಲಿಂದ ಬಂದವು? ಬ್ಯಾಂಕಿನ ಮೊದಲ ಲೆಟರ್ 12-01-2024ರದ್ದು. ಅದರಲ್ಲಿ ಟರ್ಮ್ ಲೋನ್ 72.00, ಸಿಸಿ 40.00 ಅಂತ ಇತ್ತು. ಎರಡನೆಯದು 18-11-2024ರ ರಿನ್ಯೂವಲ್ ಲೆಟರ್. ಸಿಸಿಯನ್ನು ವರ್ಷಕ್ಕೊಮ್ಮೆ ನವೀಕರಿಸುವಾಗ ಬ್ಯಾಂಕು ಹೊಸ ಲೆಟರ್ ಕೊಡುತ್ತದೆ. ಅದರಲ್ಲಿ ಹೊಸ ಸಾಲ ಮಾತ್ರ ಇರುವುದಿಲ್ಲ, ಆ ಗಿರಾಕಿಯ ಎಲ್ಲ ಸಾಲವೂ ಒಂದು ಟೇಬಲ್‌ನಲ್ಲಿ ಇರುತ್ತದೆ. 'ಈಗಿರುವುದು', 'ಹೊಸದು', 'ಒಟ್ಟು' ಅಂತ ಮೂರು ಕಾಲಂ. ನಮ್ಮ ಲೆಟರ್‌ನಲ್ಲಿ ಸಿಸಿಗೆ ಈಗಿರುವುದು 40.00, ಹೊಸದು 10.00, ಒಟ್ಟು 50.00 ಅಂತ ಇತ್ತು. ಟರ್ಮ್ ಲೋನಿಗೆ ಈಗಿರುವುದು 64.60, ಹೊಸದು ಇಲ್ಲ, ಒಟ್ಟು 64.60.

ಹುಡುಗ ಆ 50.00 ಮತ್ತು 64.60 ಎರಡನ್ನೂ ಹೊಸ ಸಾಲ ಅಂದುಕೊಂಡ. ಆದರೆ 64.60 ಅನ್ನುವುದು ಅದೇ ಹಳೆಯ ಟರ್ಮ್ ಲೋನಿನ ಆ ದಿನದ ಬಾಕಿ. 50.00 ಅನ್ನುವುದು ಹಳೆಯ 40.00 ಸೇರಿದ ಮಿತಿ. ಇದನ್ನು ಹಿಡಿಯಲು ಸುಲಭದ ದಾರಿ ಇದೆ. ಪಟ್ಟಿಯಲ್ಲಿ ಖಾತೆ ಸಂಖ್ಯೆಗೆ ಒಂದು ಕಾಲಂ ಇಡಿ. ಲೆಟರ್‌ನಲ್ಲಿ ಖಾತೆ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ, ಸ್ಟೇಟ್‌ಮೆಂಟ್‌ನಿಂದಲೇ ತೆಗೆದುಕೊಳ್ಳಬೇಕು. ತನ್ನದೇ ಆದ ಖಾತೆ ಸಂಖ್ಯೆ ತುಂಬಲು ಆಗದ ಸಾಲು ಬಂದರೆ ಅದು ಬೇರೆ ಸಾಲವೇ ಅಲ್ಲ, ಬೇರೆ ಲೆಟರ್ ಅಷ್ಟೇ.

ಆರನೆಯ ಸಾಲು ಇನ್ನೂ ವಿಚಿತ್ರವಾಗಿತ್ತು. ಮೈನಸ್ 10.00! ರಿನ್ಯೂವಲ್ ಲೆಟರ್‌ನಲ್ಲಿ ಸಿಸಿಯ ಕೆಳಗೆ ಬ್ಯಾಂಕ್ ಗ್ಯಾರಂಟಿಗೆ (10.00) ಅಂತ ಬ್ರಾಕೆಟ್‌ನಲ್ಲಿ ಇತ್ತು. ಆ 50 ಲಕ್ಷದ ಮಿತಿಯೊಳಗೇ 10 ಲಕ್ಷದವರೆಗೆ ಗ್ಯಾರಂಟಿ ತೆಗೆದುಕೊಳ್ಳಬಹುದು ಅಂತ ಅದರ ಅರ್ಥ. ಇದು ಒಳಮಿತಿ, ಮೊತ್ತಕ್ಕೆ ಕೂಡಿಸಬಾರದು, ಕಳೆಯಲೂಬಾರದು. ಆದರೆ ಬ್ರಾಕೆಟ್‌ನಲ್ಲಿರುವ ಅಂಕಿಯನ್ನು ಪೇಸ್ಟ್ ಮಾಡಿದರೆ ಎಕ್ಸೆಲ್ ಅದನ್ನು ಮೈನಸ್ ಅಂತ ತಿಳಿಯುತ್ತದೆ. ಸಾಲದ ಪಟ್ಟಿಯ ಮಂಜೂರು ಕಾಲಂನಲ್ಲಿ ಮೈನಸ್ ಅಂಕಿ ಕಂಡರೆ ಕಾರಣ ಇದೇ ಇರುವ ಸಾಧ್ಯತೆ ಜಾಸ್ತಿ.

ಈ ಮೂರು ಸರಿಮಾಡಿದ ಮೇಲೆ ಟರ್ಮ್ ಲೋನ್ 72, ಸಿಸಿ 50, ಫೈನಾನ್ಸ್ ಕಂಪನಿಯದು 15, ಒಟ್ಟು 137 ಲಕ್ಷ. ಮಾಲೀಕರ ಮುಖ ಸ್ವಲ್ಪ ತಿಳಿಯಾಯಿತು.

ಬಾಕಿ 2.60 ಲಕ್ಷ ಜಾಸ್ತಿ ಬಂತು

ಈಗ ಟರ್ಮ್ ಲೋನ್ ಒಂದನ್ನೇ ನೋಡೋಣ. ಲೆಟರ್ ಪ್ರಕಾರ 72 ಲಕ್ಷ, 66 ತಿಂಗಳು, ಅದರಲ್ಲಿ ಮೊದಲ 6 ತಿಂಗಳು ಮೊರಟೋರಿಯಂ, ಅಂದರೆ ಅಸಲಿನ ಕಂತು ಇಲ್ಲ. ಆಮೇಲೆ ತಿಂಗಳಿಗೆ 1.20 ಲಕ್ಷ ಅಸಲಿನಂತೆ 60 ಕಂತು, ಪ್ರತಿ ತಿಂಗಳ 5ನೇ ತಾರೀಖು. ಬಡ್ಡಿ ಬೇರೆ. ಮೊರಟೋರಿಯಂನಲ್ಲೂ ಬಡ್ಡಿ ಕಟ್ಟುತ್ತಲೇ ಇರಬೇಕು ಅಂತ ಲೆಟರ್ ಹೇಳುತ್ತಿತ್ತು.

ಇಲ್ಲಿ '6 ತಿಂಗಳು ಸೇರಿ 66' ಮತ್ತು '6 ತಿಂಗಳು ಬಿಟ್ಟು 66' ಎರಡೂ ಒಂದೇ ಅಲ್ಲ. ಆ ಒಂದು ಪದವನ್ನು ತಪ್ಪಾಗಿ ಓದಿದರೆ ಕಂತುಗಳ ಎಣಿಕೆ ಆರು ಆಚೀಚೆ ಆಗುತ್ತದೆ. ಪರೀಕ್ಷೆ ಸುಲಭ. ಕಂತಿನ ಮೊತ್ತವನ್ನು ಕಂತುಗಳ ಸಂಖ್ಯೆಯಿಂದ ಗುಣಿಸಿ. 1.20 × 60 = 72. ಸರಿಯಾಯಿತು. 66ರಿಂದ ಗುಣಿಸಿದರೆ 79.20 ಬರುತ್ತದೆ, ಅದು ಸಾಧ್ಯವಿಲ್ಲ.

ನಮ್ಮ ಪಟ್ಟಿಯಲ್ಲಿ 31-03-2025ರ ಬಾಕಿ 62.40 ಲಕ್ಷ ಅಂತ ಬಂದಿತ್ತು. ಬ್ಯಾಂಕಿನ ಸ್ಟೇಟ್‌ಮೆಂಟ್ 59.80 ಅನ್ನುತ್ತಿತ್ತು. ವ್ಯತ್ಯಾಸ 2.60.

ವ್ಯತ್ಯಾಸ ಕಂಡ ಕೂಡಲೇ ನಾನು ಮಾಡುವ ಮೊದಲ ಕೆಲಸ ಅದನ್ನು ಕಂತಿನಿಂದ ಭಾಗಿಸುವುದು. ಸರಿಯಾಗಿ ಭಾಗವಾದರೆ ತಪ್ಪು ಕಂತುಗಳ ಎಣಿಕೆಯಲ್ಲಿದೆ, ಅಂದರೆ ತಾರೀಖಿನಲ್ಲಿ. 2.60ನ್ನು 1.20ರಿಂದ ಭಾಗಿಸಿದರೆ ಪೂರ್ಣ ಸಂಖ್ಯೆ ಬರುವುದಿಲ್ಲ. ಹಾಗಾದರೆ ತಪ್ಪು ಬರೀ ತಾರೀಖಿನದ್ದಲ್ಲ. ಮೂಲ ಮೊತ್ತವೇ ತಪ್ಪಿರಬಹುದು, ಅಥವಾ ಎರಡು ತಪ್ಪು ಒಂದರೊಳಗೊಂದು ಅಡಗಿರಬಹುದು.

ಸ್ಟೇಟ್‌ಮೆಂಟ್‌ನ ಮೊದಲ ಪುಟ ತೆಗೆದೆವು. 05-03-2024ರಂದು 45 ಲಕ್ಷ ಬಿಡುಗಡೆಯಾಗಿತ್ತು. 20-04-2024ರಂದು 22 ಲಕ್ಷ. ಒಟ್ಟು 67. ಮಷೀನಿನ ಬೆಲೆ ಅಂದುಕೊಂಡದ್ದಕ್ಕಿಂತ ಕಡಿಮೆಗೆ ಕುದುರಿತ್ತು, ಹಾಗಾಗಿ 5 ಲಕ್ಷ ತೆಗೆದುಕೊಂಡೇ ಇರಲಿಲ್ಲ. ಸ್ಯಾಂಕ್ಷನ್ ಲೆಟರ್ ಹೇಳುವುದು 'ಇಷ್ಟರವರೆಗೆ ಕೊಡುತ್ತೇವೆ' ಅಂತ. ಎಷ್ಟು ಕೊಟ್ಟರು ಅನ್ನುವುದು ಅದರಲ್ಲಿ ಇರುವುದಿಲ್ಲ, ಸ್ಟೇಟ್‌ಮೆಂಟ್‌ನಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಮಂಜೂರು, ಬಿಡುಗಡೆ, ಬಾಕಿ ಅಂತ ಮೂರು ಬೇರೆ ಬೇರೆ ಕಾಲಂ ಬೇಕೇ ಬೇಕು.

ಮೂಲ ಮೊತ್ತ 5 ಲಕ್ಷ ಜಾಸ್ತಿ ಹಿಡಿದಿದ್ದರೆ ವ್ಯತ್ಯಾಸ 5.00 ಬರಬೇಕಿತ್ತು, ಬಂದದ್ದು 2.60. ಹಾಗಾದರೆ 2.40 ಉಲ್ಟಾ ದಿಕ್ಕಿನಲ್ಲಿ ತಪ್ಪಾಗಿದೆ. 2.40 ಅಂದರೆ ಸರಿಯಾಗಿ ಎರಡು ಕಂತು! ಪಟ್ಟಿಯಲ್ಲಿ ಎರಡು ಕಂತು ಜಾಸ್ತಿ ಕಟ್ಟಿದಂತೆ ಲೆಕ್ಕವಾಗಿತ್ತು. ಒಂದು ತಪ್ಪು ಬಾಕಿಯನ್ನು ಏರಿಸಿತ್ತು, ಇನ್ನೊಂದು ಇಳಿಸಿತ್ತು. ದುರದೃಷ್ಟಕ್ಕೆ ಎರಡೂ ಒಂದೇ ಅಳತೆಯವಾಗಿದ್ದರೆ ಬಾಕಿ ತಾಳೆಯಾಗಿಬಿಡುತ್ತಿತ್ತು, ಮುಂದಿನ ನಾಲ್ಕು ವರ್ಷದ ತಾರೀಖೆಲ್ಲ ತಪ್ಪಾಗಿಯೇ ಉಳಿಯುತ್ತಿತ್ತು. ಅದಕ್ಕೇ ಕೊನೆಯ ಬಾಕಿ ತಾಳೆಯಾದರೆ ಸಾಲದು, ಮೊದಲ ಕಂತಿನ ತಾರೀಖನ್ನೂ ಸ್ಟೇಟ್‌ಮೆಂಟ್ ಜೊತೆ ನೋಡಬೇಕು ಅಂತ ನಾನು ಹಟ ಹಿಡಿಯುವುದು.

ಎರಡು ಕಂತು ಜಾಸ್ತಿ ಬಂದದ್ದು ಹೇಗೆ? ಹುಡುಗ ಮೊರಟೋರಿಯಂ ಅನ್ನು ಲೆಟರ್‌ನ ತಾರೀಖಿನಿಂದ ಎಣಿಸಿದ್ದ. 12-01-2024ರಿಂದ ಆರು ತಿಂಗಳು ಅಂದರೆ ಜುಲೈ, ಮೊದಲ ಕಂತು ಆಗಸ್ಟ್ 5. ಆದರೆ ಲೆಟರ್‌ನ ಮೂರನೇ ಪುಟದಲ್ಲಿ 'ಮೊದಲ ಹಣ ಬಿಡುಗಡೆಯಾದ ದಿನದಿಂದ ಆರು ತಿಂಗಳು, ಅದು ಮುಗಿದ ಮುಂದಿನ ತಿಂಗಳಿಂದ ಕಂತು' ಅಂತ ಬರೆದಿತ್ತು. ಮಾರ್ಚ್ 5ರಿಂದ ಆರು ತಿಂಗಳು ಸೆಪ್ಟೆಂಬರ್ 5ಕ್ಕೆ ಮುಗಿಯುತ್ತದೆ. ಮೊದಲ ಕಂತು 05-10-2024. ಸ್ಟೇಟ್‌ಮೆಂಟ್‌ನಲ್ಲೂ ಅದೇ ದಿನ ಇತ್ತು. ಅಲ್ಲಿಂದ ಮಾರ್ಚ್ 2025ರವರೆಗೆ ಆರು ಕಂತು, 7.20 ಲಕ್ಷ. 67ರಲ್ಲಿ ಕಳೆದರೆ 59.80. ತಾಳೆಯಾಯಿತು.

ಸರಿಮಾಡಿದ ಮೇಲೂ 2.40 ಉಳಿಯಿತು

ಹುಡುಗನಿಗೆ ಇಷ್ಟನ್ನು ವಿವರಿಸಿ, ಪಟ್ಟಿಯಲ್ಲಿ ಸರಿಮಾಡು ಅಂದೆ. ಅವನು ಬಿಡುಗಡೆ ಮೊತ್ತ 67 ಹಾಕಿದ, ತಾರೀಖು 05-03-2024 ಹಾಕಿದ. ಆದರೂ ಬಾಕಿ 62.20 ಬಂತು! ವ್ಯತ್ಯಾಸ 2.40. ಈ ಸಲ ಸರಿಯಾಗಿ ಎರಡು ಕಂತು. ಅಂದರೆ ಮೊತ್ತ ಸರಿಯಿದೆ, ತಾರೀಖು ತಪ್ಪಿದೆ.

ಆ ಕಂಪ್ಯೂಟರ್‌ನಲ್ಲಿ ತಾರೀಖು ಅಮೆರಿಕದ ಕ್ರಮದಲ್ಲಿತ್ತು, ತಿಂಗಳು ಮೊದಲು, ದಿನ ಆಮೇಲೆ. 05-03-2024 ಅಂತ ಟೈಪ್ ಮಾಡಿದರೆ ಅದು ಮೇ 3 ಅಂತ ತಿಳಿಯುತ್ತಿತ್ತು. ಅಲ್ಲಿಂದ ಆರು ತಿಂಗಳು ನವೆಂಬರ್, ಮೊದಲ ಕಂತು ಡಿಸೆಂಬರ್. ನಾಲ್ಕೇ ಕಂತು ಕಟ್ಟಿದಂತಾಯಿತು.

ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಸೆಲ್‌ನಲ್ಲಿ ಅಂಕಿಗಳು ಮಾಮೂಲಿನಂತೆಯೇ ಕಾಣುತ್ತವೆ. ಆದರೆ ಪಕ್ಕದ 20-04-2024 ಸುಳಿವು ಕೊಡುತ್ತದೆ. 20ನೇ ತಿಂಗಳು ಅಂತ ಇಲ್ಲವಲ್ಲ, ಹಾಗಾಗಿ ಎಕ್ಸೆಲ್ ಅದನ್ನು ತಾರೀಖು ಅಂತ ಒಪ್ಪದೆ ಅಕ್ಷರ ಅಂತ ಇಟ್ಟುಕೊಳ್ಳುತ್ತದೆ. ತಾರೀಖುಗಳು ಬಲಕ್ಕೆ ಅಂಟಿರುತ್ತವೆ, ಇದು ಎಡಕ್ಕೆ ಅಂಟಿರುತ್ತದೆ. ಒಂದೇ ಕಾಲಂನಲ್ಲಿ ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ಇದ್ದರೆ ಬಲಕ್ಕಿರುವುದೇ ತಪ್ಪಿರಬಹುದು. ಅನುಮಾನ ಬಂದರೆ ಖಾಲಿ ಕಾಲಂನಲ್ಲಿ ಇದನ್ನು ಹಾಕಿ ನೋಡಿ:

```
=ISNUMBER(B2)
=TEXT(B2,"dd-mmm-yyyy")
```

ಮೊದಲನೆಯದು FALSE ಅಂದರೆ ಅದು ತಾರೀಖಲ್ಲ, ಬರೀ ಅಕ್ಷರ. ಎರಡನೆಯದು ತಿಂಗಳ ಹೆಸರು ತೋರಿಸುತ್ತದೆ. ಅಲ್ಲಿ 03-May-2024 ಕಂಡಾಗ ನಮಗೆ ವಿಷಯ ಗೊತ್ತಾಯಿತು. ಈಗ ನಾವು ತಾರೀಖಿನ ಕಾಲಂ ಅನ್ನು ಮೊದಲೇ Text ಅಂತ ಮಾಡಿಟ್ಟು, ಲೆಟರ್‌ನಲ್ಲಿ ಇದ್ದ ಹಾಗೇ ಬರೆದು, ಪಕ್ಕದ ಕಾಲಂನಲ್ಲಿ ತಾರೀಖು ಮಾಡಿಕೊಳ್ಳುತ್ತೇವೆ:

```
=DATE(RIGHT(B2,4),MID(B2,4,2),LEFT(B2,2))
```

ಇದು ದಿನ, ತಿಂಗಳು ಎರಡಕ್ಕೂ ಎರಡೆರಡು ಅಂಕಿ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. 5-3-2024 ಅಂತ ಬರೆಯಬೇಡಿ. ಎಕ್ಸೆಲ್ ಆಗಲೇ ತಾರೀಖು ಮಾಡಿಬಿಟ್ಟಿರುವ ಸೆಲ್‌ಗೂ ಇದು ಆಗದು, ಅದನ್ನು ಲೆಟರ್ ನೋಡಿ ಮತ್ತೆ ಬರೆಯಬೇಕು.

ಬಡ್ಡಿ ಲೆಟರ್‌ನಲ್ಲಿ ಒಂದು, ಸ್ಟೇಟ್‌ಮೆಂಟ್‌ನಲ್ಲಿ ಇನ್ನೊಂದು

ಲೆಟರ್‌ನಲ್ಲಿ 'ರೆಪೊ ದರ + 2.75, ಈಗ 9.25' ಅಂತ ಇತ್ತು. ರೆಪೊ ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಆಗ ಅದು 6.50 ಇತ್ತು. ಹುಡುಗ 9.25 ಅಂತ ಬರೆದು ಐದು ವರ್ಷಕ್ಕೂ ಅದನ್ನೇ ಎಳೆದ. ಮಾರ್ಚ್ 2025ರವರೆಗೆ ಎಲ್ಲ ಸರಿಹೋಯಿತು. ಆಮೇಲಿನ ತಿಂಗಳುಗಳಲ್ಲಿ ಬ್ಯಾಂಕು ಹಾಕಿದ ಬಡ್ಡಿ ಕಡಿಮೆ ಬಂತು.

ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಸಾಲವನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಬೇಕು ಅಂತ ರಿಸರ್ವ್ ಬ್ಯಾಂಕ್ 1-10-2019ರಿಂದ ನಿಯಮ ಮಾಡಿದೆ. ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ಮರುಹೊಂದಿಸಬೇಕು. ಆದ್ದರಿಂದ ಲೆಟರ್‌ನ 9.25 ಆ ದಿನಕ್ಕೆ ಮಾತ್ರ ನಿಜ. ಪಟ್ಟಿಗೆ ಬೇಕಾದ್ದು ರೆಪೊ ಮೇಲೆ ಕೂಡಿಸುವ ಸ್ಪ್ರೆಡ್ 2.75 ಮತ್ತು ಯಾವ ತಾರೀಖಿಗೆ ದರ ಬದಲಾಗುತ್ತದೆ ಎಂಬುದು. ನಮ್ಮ ಲೆಟರ್‌ನಲ್ಲಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಒಂದನೇ ತಾರೀಖು ಅಂತ ಇತ್ತು. 2025ರ ಫೆಬ್ರವರಿಯಲ್ಲಿ ರೆಪೊ 6.25ಕ್ಕೆ ಇಳಿಯಿತು. ಅದು ನಮ್ಮ ಸಾಲಕ್ಕೆ ಬಂದದ್ದು ಏಪ್ರಿಲ್ 1ಕ್ಕೆ, 9.00 ಆಗಿ. ಏಪ್ರಿಲ್‌ನಲ್ಲಿ 6.00, ಜೂನ್‌ನಲ್ಲಿ 5.50 ಆಯಿತು. ಆ ಎರಡೂ ಸೇರಿ ಜುಲೈ 1ಕ್ಕೆ 8.25 ಆಗಿ ಬಂತು.

ಬ್ಯಾಂಕು ನಿಜವಾಗಿ ಯಾವ ದರ ಹಾಕಿದೆ ಅಂತ ಸ್ಟೇಟ್‌ಮೆಂಟ್‌ನಿಂದಲೇ ಹಿಂದಕ್ಕೆ ಲೆಕ್ಕ ಮಾಡಬಹುದು. ಜುಲೈ 2025 ತೆಗೆದುಕೊಳ್ಳಿ. ಮೊದಲ 4 ದಿನ ಬಾಕಿ 56.20 ಲಕ್ಷ. 5ನೇ ತಾರೀಖು ಕಂತು ಕಟ್ಟಿದ ಮೇಲೆ 27 ದಿನ 55.00 ಲಕ್ಷ. ಪ್ರತಿ ದಿನದ ಬಾಕಿಯನ್ನು ಕೂಡಿದರೆ 1709.80 ಲಕ್ಷ. ಬ್ಯಾಂಕು ಹಾಕಿದ ಬಡ್ಡಿ ₹38,646. ಅದನ್ನು 365ರಿಂದ ಗುಣಿಸಿ 17,09,80,000ದಿಂದ ಭಾಗಿಸಿದರೆ 0.0825 ಬರುತ್ತದೆ, ಅಂದರೆ 8.25. ಸರಿಯಾಗಿದೆ. 9.25ರಲ್ಲೇ ಉಳಿದಿದ್ದರೆ ₹43,331 ಆಗುತ್ತಿತ್ತು. ಒಂದೇ ತಿಂಗಳಿಗೆ ₹4,685 ವ್ಯತ್ಯಾಸ. ಸ್ಟೇಟ್‌ಮೆಂಟ್‌ನಿಂದ ಬರುವ ದರ ರೆಪೊ ಇಳಿದ ಮೇಲೂ ಹಳೆಯದೇ ಇದ್ದರೆ, ಲೆಟರ್‌ನ ಮರುಹೊಂದಿಕೆಯ ತಾರೀಖು ತೋರಿಸಿ ಬ್ಯಾಂಕಿಗೆ ಬರೆದು ಕೇಳಿ.

ನಮ್ಮ ಬ್ಯಾಂಕು ಬಡ್ಡಿಯನ್ನು ತಿಂಗಳ ಕೊನೆಯ ದಿನ ಹಾಕಿ, ಅದೇ ದಿನ ಸಿಸಿ ಖಾತೆಯಿಂದ ತೆಗೆದುಕೊಳ್ಳುತ್ತದೆ. ಹಾಗಾಗಿ ಲೆಕ್ಕ ಇಷ್ಟು ನೇರ. ಕೆಲವು ಕಡೆ ಬಡ್ಡಿ 31ಕ್ಕೆ ಸಾಲದ ಖಾತೆಗೆ ಬಿದ್ದು, ಮುಂದಿನ ತಿಂಗಳ ಕಂತಿನ ಜೊತೆ ತೀರುತ್ತದೆ. ಅಂಥಲ್ಲಿ ಮಾರ್ಚ್ 31ರ ಬಾಕಿ ಸುಮಾರು ಒಂದು ತಿಂಗಳ ಬಡ್ಡಿಯಷ್ಟು ಜಾಸ್ತಿ ಕಾಣುತ್ತದೆ. ನಮ್ಮ ಸಾಲಕ್ಕಾದರೆ ಅದು ಸುಮಾರು ₹47,000. ಅಷ್ಟೇ ವ್ಯತ್ಯಾಸ ಬಂದರೆ ಅಸಲಿನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ.

ಫೈನಾನ್ಸ್ ಕಂಪನಿಯ 9 ಪರ್ಸೆಂಟ್

ಮೂರನೆಯ ಲೆಟರ್ ಒಂದೇ ಪುಟ. 15 ಲಕ್ಷ, 9 ಪರ್ಸೆಂಟ್, 36 ತಿಂಗಳು, ಇಎಂಐ ₹52,917, ಮೊದಲನೆಯದು 10-06-2024. ಬ್ಯಾಂಕಿನದಕ್ಕಿಂತ ಅಗ್ಗ ಅಂತ ಮಾಲೀಕರು ಅಂದುಕೊಂಡಿದ್ದರು. ನಾನು ಯಾವ ಲೆಟರ್ ಬಂದರೂ ಮೊತ್ತ, ದರ, ಅವಧಿ ಹಾಕಿ ಇಎಂಐ ತಾಳೆ ನೋಡುತ್ತೇನೆ:

```
=PMT(9%/12,36,-1500000)
=RATE(36,-52917,1500000)*12
```

ಮೊದಲನೆಯದು ₹47,700 ಕೊಟ್ಟಿತು. ಲೆಟರ್‌ನಲ್ಲಿ ₹52,917. ಐದು ಸಾವಿರದ ಮೇಲೆ ವ್ಯತ್ಯಾಸ. ಹೀಗಾದರೆ ಅದು ಫ್ಲಾಟ್ ದರವಾ ನೋಡಬೇಕು. 15 ಲಕ್ಷಕ್ಕೆ 9ರಂತೆ ಮೂರು ವರ್ಷಕ್ಕೆ 4.05 ಲಕ್ಷ ಬಡ್ಡಿ. ಕೂಡಿಸಿ 19.05 ಲಕ್ಷ, 36ರಿಂದ ಭಾಗಿಸಿದರೆ ₹52,917. ಹೌದು, ಫ್ಲಾಟ್. ಅಸಲು ತೀರುತ್ತಾ ಬಂದರೂ ಪೂರ್ತಿ 15 ಲಕ್ಷದ ಮೇಲೇ ಬಡ್ಡಿ ನಡೆಯುತ್ತದೆ. ಎರಡನೇ ಸೂತ್ರ ನಿಜವಾದ ದರ ಹೇಳುತ್ತದೆ, ಸುಮಾರು 16.2 ಪರ್ಸೆಂಟ್. ಬ್ಯಾಂಕಿನ ದರದ ಪಕ್ಕದಲ್ಲಿ ಬರೆಯಬೇಕಾದ್ದು ಈ ಅಂಕಿ.

ಬಾಕಿಯೂ ಬದಲಾಗುತ್ತದೆ. ತಿಂಗಳಿಗೆ ಸಮನಾಗಿ ₹41,667 ಅಸಲು ತೀರಿತು ಅಂತ ಹಿಡಿದರೆ ಮಾರ್ಚ್ 2025ಕ್ಕೆ, ಅಂದರೆ 10 ಇಎಂಐ ಆದ ಮೇಲೆ, 10.83 ಲಕ್ಷ ಉಳಿಯುತ್ತದೆ. 16.2ರಲ್ಲಿ ಇಳಿಕೆ ಲೆಕ್ಕ ಹಾಕಿದರೆ 11.53. ಮೊದಲ ತಿಂಗಳುಗಳ ಇಎಂಐಯಲ್ಲಿ ಬಡ್ಡಿಯ ಪಾಲು ಆಮೇಲಿನದಕ್ಕಿಂತ ಜಾಸ್ತಿ ಇರುವುದರಿಂದ ಹೀಗೆ. ಕಂಪನಿಯಿಂದ ಖಾತೆಯ ಸ್ಟೇಟ್‌ಮೆಂಟ್ ತರಿಸಿದೆವು, ಅಲ್ಲೂ 11.53 ಇತ್ತು.

ಕೊನೆಗೆ ಉಳಿದ ಪಟ್ಟಿ

ಸಿಸಿಗೆ ಕಂತು ಇಲ್ಲ, ಕೇಳಿದಾಗ ಕಟ್ಟಬೇಕು. ಅದಕ್ಕೆ ಮಿತಿ 50 ಇದ್ದರೂ ಬಾಕಿಯ ಕಾಲಂನಲ್ಲಿ ಅಂದು ಬಳಸಿದ್ದ 41.35 ಹಾಕಿದೆವು. ಮೊತ್ತಗಳು ಲಕ್ಷಗಳಲ್ಲಿ:

| ಸಾಲ | ಮಂಜೂರು | ಬಿಡುಗಡೆ | 31-03-2025ರ ಬಾಕಿ | ಬಡ್ಡಿ | ಮುಂದಿನ 12 ತಿಂಗಳ ಅಸಲು | ಕೊನೆಯ ಕಂತು |
|---|---|---|---|---|---|---|
| ಟರ್ಮ್ ಲೋನ್ | 72.00 | 67.00 | 59.80 | ರೆಪೊ + 2.75 | 14.40 | 05-05-2029 |
| ಸಿಸಿ | 50.00 | – | 41.35 | ರೆಪೊ + 2.50 | ಕೇಳಿದಾಗ | – |
| ಫೈನಾನ್ಸ್ ಕಂಪನಿ | 15.00 | 15.00 | 11.53 | 16.2 | 4.83 | 10-05-2027 |

ಟರ್ಮ್ ಲೋನಿನ ಕೊನೆಯ ತಾರೀಖು ಲೆಟರ್‌ನಲ್ಲಿರುವ ಲೆಕ್ಕಕ್ಕೆ ಹೊಂದುವುದಿಲ್ಲ. ಲೆಟರ್ ಪ್ರಕಾರ 60 ಕಂತು, ಸೆಪ್ಟೆಂಬರ್ 2029ಕ್ಕೆ ಮುಗಿಯಬೇಕು. ಆದರೆ 67 ಲಕ್ಷಕ್ಕೆ 1.20ರಂತೆ 55 ಕಂತಾಗಿ, 56ನೆಯದು 1.00 ಲಕ್ಷದಲ್ಲಿ ತೀರುತ್ತದೆ. ಕಂತಿನ ಮೊತ್ತ ಹಾಗೇ ಇರುತ್ತದಾ, ಇಲ್ಲ ಕಂತನ್ನು ಇಳಿಸಿ 60 ತಿಂಗಳು ನಡೆಸುತ್ತಾರಾ ಅಂತ ಬ್ಯಾಂಕಿಗೆ ಮೇಲ್ ಬರೆದೆವು. ಬಳಸದ 5 ಲಕ್ಷ ಇನ್ನೂ ಸಿಗುತ್ತದಾ ಅಂತಲೂ ಕೇಳಿದೆವು. ಕಂತು 1.20 ಹಾಗೇ ಇರುತ್ತದೆ, ಆ 5 ಲಕ್ಷದ ಮಂಜೂರಾತಿ ರದ್ದಾಗಿದೆ ಅಂತ ಉತ್ತರ ಬಂತು. ಆ ಮೇಲ್‌ನ ತಾರೀಖನ್ನು ಟರ್ಮ್ ಲೋನಿನ ಸಾಲಿನ ಷರಾದಲ್ಲಿ ಬರೆದು, ಪ್ರಿಂಟ್ ತೆಗೆದು ಮೂರು ಲೆಟರ್‌ಗಳ ಜೊತೆ ಫೈಲಿಗೆ ಹಾಕಿದೆವು.